ತಾನಾಗಿಯೇ ಜಾರುವ ಕರ್ಸರ್

ಮುಟ್ಟದಿದ್ದರೂ ಕರ್ಸರ್ ಓಡತೊಡಗಿದರೆ ನಮ್ಮ ಜನ ಹೇಳೋದು ಎರಡೇ ಮಾತು. ವೈರಸ್ ಬಂದಿದೆ, ಇಲ್ಲಾ ಯಾರೋ ಹ್ಯಾಕ್ ಮಾಡಿದ್ದಾರೆ. ಮೈಸೂರಿನಲ್ಲಿರುವ ನನ್ನ ಅಕ್ಕ ಎರಡನೇ ಗುಂಪಿನವಳು. ಅವಳು ನಾಲ್ಕಾರು ಅಂಗಡಿಗಳ ಲೆಕ್ಕ ನೋಡಿಕೊಳ್ಳುತ್ತಾಳೆ. ಜಿಎಸ್‌ಟಿ ರಿಟರ್ನ್ ಹಾಕಲು 20ನೇ ತಾರೀಖು ಕೊನೆ ದಿನ, 19ರ ರಾತ್ರಿ ಫೋನ್ ಬಂತು. "ಯಾರೋ ಒಳಗೆ ಕೂತು ಮೌಸ್ ಎಳೀತಿದಾರೆ ಕಣೋ. ಬ್ಯಾಂಕ್ ಪಾಸ್‌ವರ್ಡೆಲ್ಲ ಇದರಲ್ಲೇ ಇದೆ." ಹತ್ತಿರದ ಅಂಗಡಿಯವನು ಬೇರೆ, ನೋಡಿದ ಕೂಡಲೇ ಕೀಬೋರ್ಡ್ ಬದಲಿಸಬೇಕು, 4,500 ರೂಪಾಯಿ ಅಂದಿದ್ದನಂತೆ.

ನಾನು ಕೇಳಿದ್ದು ಒಂದೇ, "ಹೇಗೆ ಓಡ್ತಿದೆ ಹೇಳು." ಅರ್ಧ ಉತ್ತರ ಅದರಲ್ಲೇ ಇರುತ್ತೆ. ದೂರದಿಂದ ಯಾರಾದರೂ ನಡೆಸ್ತಿದ್ದರೆ ಕರ್ಸರ್ ಯಾವುದಾದರೂ ಬಟನ್ ಕಡೆ ಹೋಗಿ ಕ್ಲಿಕ್ ಮಾಡುತ್ತೆ. ಅಕ್ಕನದು ನಿಧಾನವಾಗಿ, ಒಂದೇ ದಿಕ್ಕಿಗೆ, ನೇರ ಗೆರೆ ಎಳೆದ ಹಾಗೆ ಮೇಲಿನ ಬಲಮೂಲೆಗೆ ಹೋಗಿ ಅಂಟಿಕೊಳ್ಳುತ್ತಿತ್ತು. ವೈಫೈ ಆಫ್ ಮಾಡಿಸಿದೆ, ಆಗಲೂ ಜಾರಿತು. ಹ್ಯಾಕರ್ ಭಯ ಅಲ್ಲಿಗೆ ಮುಗಿಯಿತು.

ಅವಳದು ಹಳೇ ಆಫೀಸ್ ಲ್ಯಾಪ್‌ಟಾಪ್. ಕೀಬೋರ್ಡ್ ಮಧ್ಯೆ G, H, B ಕೀಗಳ ನಡುವೆ ಪುಟ್ಟ ರಬ್ಬರ್ ಗುಂಡಿ ಇದೆ, ಅದೇ ಟ್ರ್ಯಾಕ್‌ಪಾಯಿಂಟ್. ಕೆಳಗೆ ಟಚ್‌ಪ್ಯಾಡ್ ಕೂಡ ಇದೆ. ನೇರವಾಗಿ ಜಾರೋದು ಸಾಮಾನ್ಯವಾಗಿ ಗುಂಡಿಯ ಲಕ್ಷಣ. ಟಚ್‌ಪ್ಯಾಡ್ ಕೆಟ್ಟಾಗ ಕರ್ಸರ್ ನಡುಗುತ್ತೆ, ಅಲ್ಲಿಂದಿಲ್ಲಿಗೆ ಹಾರುತ್ತೆ. ಅದಕ್ಕೆ ಹೆಚ್ಚಾಗಿ ಕಾರಣ ಬೆವರು, ಎಣ್ಣೆ ಕೈ, ಇಲ್ಲವೇ ಸರಿಯಾಗಿ ಅರ್ಥಿಂಗ್ ಇಲ್ಲದ ಚಾರ್ಜರ್. ಒರೆಸಿ, ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿದರೆ ಗೊತ್ತಾಗುತ್ತೆ. ಅಕ್ಕನಿಗೂ ಚಾರ್ಜರ್ ಕೀಳಲು ಹೇಳಿದೆ. ಆಮೇಲೆ ಲ್ಯಾಪ್‌ಟಾಪ್ ಆಫ್ ಮಾಡಿಸಿ, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಸಿದೆ. ಒಳಗೆ ಸ್ಟ್ಯಾಟಿಕ್ ಉಳಿದಿದ್ದರೆ ಇಳಿದುಹೋಗಲಿ ಅಂತ. ಎರಡರಿಂದಲೂ ಏನೂ ಬದಲಾಗಲಿಲ್ಲ.

ಡ್ರೈವರ್ ಮೇಲೆ ಅನುಮಾನ ಬಂದಾಗ ತುಂಬ ಜನ ಅದನ್ನು ಕಿತ್ತು ಹಾಕಿ, ಮತ್ತೆ ಹಾಕಿ, ಒಂದು ಸಂಜೆ ಕಳೀತಾರೆ. ಅದಕ್ಕಿಂತ ಸುಲಭದ ದಾರಿ ಬಯೋಸ್. ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆ ಅದು. ವಿಂಡೋಸ್ ಡ್ರೈವರ್ ಅಲ್ಲಿ ಇನ್ನೂ ಹುಟ್ಟಿರುವುದೇ ಇಲ್ಲ. ಅಕ್ಕನ ಮಾಡೆಲ್‌ನಲ್ಲಿ ಆನ್ ಆಗುವಾಗ F1 ಒತ್ತಿದರೆ ಅದು ಬರುತ್ತೆ, ಕರ್ಸರ್ ಕೂಡ ಕಾಣುತ್ತೆ. ವೀಡಿಯೊ ಕಾಲ್‌ನಲ್ಲಿ ನೋಡ್ತಾ ಇದ್ದೆ, ಅಲ್ಲೂ ಮೇಲಿನ ಬಲಮೂಲೆಗೇ ಹೊರಟಿತು. ಅಂದರೆ ಡ್ರೈವರ್ ನಿರಪರಾಧಿ. ಅದೇ ಪರದೆಯಲ್ಲಿ ಟ್ರ್ಯಾಕ್‌ಪಾಯಿಂಟ್ ಆಫ್ ಮಾಡಿಸಿದೆ, ಕರ್ಸರ್ ನಿಂತುಬಿಟ್ಟಿತು. ಟಚ್‌ಪ್ಯಾಡ್ ಕೂಡ ನಿರಪರಾಧಿ. (ಬಯೋಸ್‌ನಲ್ಲಿ ಕರ್ಸರ್ ಇಲ್ಲದ ಲ್ಯಾಪ್‌ಟಾಪ್ ಆದರೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ ನೋಡಬಹುದು. ಕಂಪನಿ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಐಟಿಯವರನ್ನು ಕೇಳದೆ ಈ ಸಾಹಸ ಬೇಡ.)

ಹಾಗಾದರೆ ಗುಂಡಿ ಕೆಟ್ಟಿದೆಯಾ? ಅದು ಕೆಲಸ ಮಾಡುವ ರೀತಿ ಗೊತ್ತಿದ್ದರೆ ಅಷ್ಟು ಬೇಗ ತೀರ್ಪು ಕೊಡಲಾಗದು. ಗುಂಡಿ ಹೆಚ್ಚುಕಡಿಮೆ ಅಲುಗಾಡುವುದೇ ಇಲ್ಲ. ಬುಡದಲ್ಲಿರುವ ಸೆನ್ಸರ್‌ಗಳು ಬೆರಳಿನ ಒತ್ತಡವನ್ನು ಅಳೆಯುತ್ತವೆ. ಬಿಸಿ ಹೆಚ್ಚಿದರೂ ಆ ಅಳತೆ ಸ್ವಲ್ಪ ಸರಿಯುತ್ತೆ, ಅದಕ್ಕೇ ಅದು ಆಗಾಗ ತನ್ನ ಸೊನ್ನೆಯನ್ನು ತಾನೇ ಮತ್ತೆ ಗೊತ್ತುಮಾಡಿಕೊಳ್ಳುತ್ತೆ. ತಕ್ಕಡಿಯನ್ನು ಸೊನ್ನೆಗೆ ತಂದ ಹಾಗೆ. ಆ ಹೊತ್ತಿನಲ್ಲಿ ಏನಾದರೂ ಮೆಲ್ಲಗೆ ಒತ್ತುತ್ತಿದ್ದರೆ ಆ ಒತ್ತಡವೇ ಸೊನ್ನೆ ಅಂದುಕೊಳ್ಳುತ್ತೆ. ಒತ್ತಡ ತೆಗೆದ ಕೂಡಲೇ ಕರ್ಸರ್ ಎದುರು ದಿಕ್ಕಿಗೆ ಜಾರುತ್ತೆ.

"ಅಕ್ಕಾ, ಕೀಬೋರ್ಡ್ ಮೇಲೆ ಏನದು ಹೊಳೀತಿರೋದು?"

"ಕವರ್ ಕಣೋ. ಚಿನ್ನು ಹಾಲು ಚೆಲ್ತಾನೆ ಅಂತ ಹೋದ ವಾರ ಹಾಕಿದೆ."

ಸಿಲಿಕೋನ್ ಕವರ್, ಗುಂಡಿಗೆ ತೂತೇ ಇಲ್ಲ! ಅವಳು ಟೈಪ್ ಮಾಡಿದಂತೆಲ್ಲ ಕವರ್ ಆಚೀಚೆ ಸರಿದು ಗುಂಡಿಯನ್ನು ಎಳೀತಿತ್ತು. ಅದನ್ನು ತೆಗೆಸಿ, ಟ್ರ್ಯಾಕ್‌ಪಾಯಿಂಟ್ ಮತ್ತೆ ಆನ್ ಮಾಡಿಸಿ, ಹತ್ತು ಸೆಕೆಂಡ್ ಕೈ ದೂರ ಇಡು ಅಂದೆ. ಕರ್ಸರ್ ಚೂರು ಜಾರಿ ನಿಂತಿತು. ಖಾತ್ರಿಗೆ ಕವರ್ ಮತ್ತೆ ಹಾಕಿಸಿದೆ, ಐದು ನಿಮಿಷದಲ್ಲಿ ಅದೇ ಓಟ. ರಿಟರ್ನ್ ಆ ರಾತ್ರಿಯೇ ಹೋಯಿತು. ಮರುದಿನ ಬ್ಲೇಡಿನಲ್ಲಿ ಕವರ್‌ಗೆ ತೂತು ಕೊರೆದಳಂತೆ.

ಕವರ್ ಇಲ್ಲದವರು ಗುಂಡಿಯ ರಬ್ಬರ್ ಟೋಪಿಯನ್ನು ಮೇಲಕ್ಕೆ ಎಳೆದು ತೆಗೆದು ನೋಡಿ. ಸುತ್ತ ಬಿಸ್ಕತ್ತಿನ ಪುಡಿ ಸಿಕ್ಕಿಕೊಂಡಿರುತ್ತೆ, ಇಲ್ಲಾ ಹೊಸದಾಗಿ ಹಾಕಿದ ಟೋಪಿ ಎತ್ತರ ಜಾಸ್ತಿಯಾಗಿ ಮುಚ್ಚಿದಾಗ ಪರದೆ ಅದನ್ನು ಒತ್ತುತ್ತಿರುತ್ತೆ. ಟೋಪಿ ತೆಗೆದು, ಏನೂ ಮುಟ್ಟದೆ ಬಿಟ್ಟರೂ ಬಯೋಸ್‌ನಲ್ಲಿ ನಿಲ್ಲದೆ ಜಾರಿದರೆ ಮಾತ್ರ ಸೆನ್ಸರ್ ಹೋಗಿದೆ ಅನ್ನಿ. ಎಷ್ಟೋ ಮಾಡೆಲ್‌ಗಳಲ್ಲಿ ಅದು ಕೀಬೋರ್ಡ್‌ಗೇ ಅಂಟಿರುವುದರಿಂದ ಅಂಗಡಿಯವನ ಮಾತು ಆಗ ಸರಿ. ದಿನಕ್ಕೆ ಒಂದೆರಡು ಸಲ ಜಾರಿ ತಾನೇ ನಿಲ್ಲುವುದು ರೋಗವಲ್ಲ, ಸೊನ್ನೆ ಹುಡುಕಿಕೊಳ್ಳುತ್ತಿರುತ್ತೆ ಅಷ್ಟೇ.

ಬಯೋಸ್‌ನಲ್ಲಿ ಸುಮ್ಮನಿದ್ದು ವಿಂಡೋಸ್‌ನಲ್ಲಿ ಮಾತ್ರ ಓಡಿದರೆ ಡ್ರೈವರ್ ನೋಡಿ. ಮೊದಲು Shut down ಅಲ್ಲ, Restart ಒತ್ತಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ Shut down ಮಾಡಿದಾಗ ಡ್ರೈವರ್ ಹೊಸದಾಗಿ ಶುರುವಾಗುವುದಿಲ್ಲ. ಇತ್ತೀಚೆಗೆ ಅಪ್‌ಡೇಟ್ ಬಂದಿದ್ದರೆ Device Manager ಒಳಗೆ Roll Back Driver ಇರುತ್ತೆ.

ಇನ್ನು ಟಚ್‌ಪ್ಯಾಡ್ ಉಬ್ಬಿದ್ದರೆ, ಒತ್ತಿದರೆ ಕ್ಲಿಕ್ ಆಗದಿದ್ದರೆ, ಇದ್ಯಾವುದನ್ನೂ ಮಾಡಬೇಡಿ. ಅಡಿಯಲ್ಲಿರುವ ಬ್ಯಾಟರಿ ಊದಿಕೊಂಡಿರಬಹುದು. ಚಾರ್ಜ್ ಹಾಕುವುದನ್ನು ಅಲ್ಲಿಗೇ ನಿಲ್ಲಿಸಿ ಸರ್ವಿಸ್‌ಗೆ ಕೊಡಿ.