ಪ್ಲಸ್‌ಗೆ ಪ್ಲಸ್ ಯಾಕೆ?

ಹೋದ ಮಳೆಗಾಲದಲ್ಲಿ ರಜೆಗೆ ಮುಂಡಗೋಡಕ್ಕೆ ಹೋಗಿದ್ದೆ. ಊರಲ್ಲಿ ಕರೆಂಟ್ ಇರಲಿಲ್ಲ. ಅಪ್ಪನ ಬೈಕಿನ ಬ್ಯಾಟರಿ ಇಳಿದಿತ್ತು, ಬೆಳಿಗ್ಗೆ ಅವರು ಆಸ್ಪತ್ರೆಗೆ ಹೋಗಬೇಕಿತ್ತು. ಟ್ರ್ಯಾಕ್ಟರ್ ಬ್ಯಾಟರಿಯಿಂದ ತುಂಬಿಸೋಣ ಅಂತ ವೈರ್ ತಂದೆ. ಕರೆಂಟು ಪ್ಲಸ್‌ನಿಂದ ಮೈನಸ್‌ಗೆ ಹರಿಯುತ್ತಲ್ಲ, ಹಾಗಾಗಿ ಟ್ರ್ಯಾಕ್ಟರ್‌ ಬ್ಯಾಟರಿಯ ಪ್ಲಸ್ಸನ್ನು ಬೈಕಿನ ಮೈನಸ್‌ಗೆ ಕೊಡಲು ಹೊರಟಿದ್ದೆ.

"ಮಾಮಾ, ತಡಿ. ಹಂಗ ಕೊಟ್ರ ಎರಡೂ ಸೇರಿ ಒಂದೇ ಕಡೆ ತಳ್ಳತಾವು," ಅಂದಳು ಪಿಯುಸಿ ಓದೋ ಅಕ್ಕನ ಮಗಳು. ಮೀಟರ್ ತಂದು ನೋಡಿದ್ವಿ. ಟ್ರ್ಯಾಕ್ಟರ್‌ದು 12.6 ವೋಲ್ಟ್, ಬೈಕಿಂದು 11.4. ಚೀಟಿ ಮೇಲೆ ಅವಳು ಬರೆದು ತೋರಿಸಿದ್ದು ಇಷ್ಟೇ.

ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕೊಟ್ಟರೆ ಒಂದೇ ಸುತ್ತಿನಲ್ಲಿ ಎರಡು ಬ್ಯಾಟರಿ ಎದುರುಬದುರು ತಳ್ಳುತ್ತವೆ. ಹೆಚ್ಚು ವೋಲ್ಟಿಂದು ಗೆಲ್ಲುತ್ತೆ. ಹಾಗಾಗಿ ಕರೆಂಟು ಟ್ರ್ಯಾಕ್ಟರ್ ಬ್ಯಾಟರಿಯ ಪ್ಲಸ್‌ನಿಂದ ಹೊರಟು, ಬೈಕಿನ ಪ್ಲಸ್‌ನಲ್ಲಿ ಒಳಹೊಕ್ಕು ಅದನ್ನು ಚಾರ್ಜ್ ಮಾಡುತ್ತೆ.

ಎಷ್ಟು ಕರೆಂಟು? ಗುಡ್ಡ ಸುತ್ತಿ ಮನೆಗೇ ಬಂದರೆ ಹತ್ತಿದ್ದೂ ಇಳಿದದ್ದೂ ಸಮ ಇರಬೇಕಲ್ಲ, ಹಾಗೆ ಲೆಕ್ಕ. ಟ್ರ್ಯಾಕ್ಟರ್ ಬ್ಯಾಟರಿಯ ಮೈನಸ್‌ನಿಂದ ಪ್ಲಸ್‌ಗೆ ಹೋದಾಗ 12.6 ಹತ್ತಿದ್ವಿ. ಬೈಕಿಂದರಲ್ಲಿ ಪ್ಲಸ್‌ನಿಂದ ಮೈನಸ್‌ಗೆ 11.4 ಇಳಿದ್ವಿ. ಉಳಿದ 1.2 ವೋಲ್ಟನ್ನು ವೈರಿನ ರೋಧ, ಬ್ಯಾಟರಿಗಳ ಒಳಗಿನ ರೋಧ ತಿನ್ನಬೇಕು. ಅವೆಲ್ಲ ಸೇರಿ 0.3 ಓಮ್ ಅಂತ ಇಟ್ಟುಕೊಂಡ್ವಿ.

12.6 − 11.4 = 0.3 × I, ಅಂದರೆ I = 4 ಆಂಪಿಯರ್.

"ದಿಕ್ಕು ತಪ್ಪಾಗಿ ಊಹಿಸಿದ್ರ?" ಅಂತ ಕೇಳಿದೆ. "ಏನೂ ಆಗಂಗಿಲ್ಲ ಮಾಮಾ, ಉತ್ತರ −4 ಬರತೈತಿ. ಅಳತೆ ಸರಿ, ದಿಕ್ಕು ಉಲ್ಟಾ ಅಂತ ಅರ್ಥ." ಆದರೆ ಹತ್ತೋದು ಇಳಿಯೋದನ್ನು ಮಧ್ಯದಲ್ಲಿ ಬದಲಾಯಿಸಬಾರದು. ಒಮ್ಮೆ ಸುತ್ತಲು ಹೊರಟ ಮೇಲೆ ಅದೇ ದಿಕ್ಕಿನಲ್ಲೇ ಮುಗಿಸಬೇಕು.

ಇನ್ನು ನಾನು ಕೊಡಲು ಹೊರಟಿದ್ದ ಜೋಡಣೆ? ಅಲ್ಲಿ ವೋಲ್ಟುಗಳು ಕಳೆಯೋದಲ್ಲ, ಕೂಡುತ್ತವೆ. 24 ಭಾಗಿಸು 0.3, ಅಂದರೆ 80 ಆಂಪಿಯರ್! ನಮ್ಮ ಸಣ್ಣ ವೈರ್ ಕಾದು ಕರಗುತ್ತಿತ್ತು, ಬ್ಯಾಟರಿ ಒಡೆದು ಆಸಿಡ್ ಸಿಡಿಯಲೂಬಹುದಿತ್ತು. ಅದೇ ಬ್ಯಾಟರಿಗಳು, ಅದೇ ವೈರು. ಎರಡು ಕ್ಲಿಪ್ಪುಗಳ ಜಾಗ ಅದಲುಬದಲು, ಅಷ್ಟೇ.

ಸರಿಯಾಗಿ ಕೊಟ್ಟ ಮೇಲೆ ಬೈಕ್ ಬ್ಯಾಟರಿ ಮೇಲೆ ಮೀಟರ್ ಇಟ್ಟೆ. 11.4 ಇದ್ದದ್ದು 11.8ರ ಹತ್ತಿರ ಏರಿತ್ತು. ಕರೆಂಟು ಒಳಗೆ ಹೋಗ್ತಿದೆ ಅನ್ನೋದಕ್ಕೆ ಅದೇ ಗುರುತು. ಹೊರಗೆ ಬರ್ತಿದ್ದರೆ ಇಳಿಯುತ್ತಿತ್ತು. ಬ್ಯಾಟರಿ ತುಂಬುತ್ತಾ ಅದರ ಎದುರು ತಳ್ಳಾಟ ಹೆಚ್ಚಿ, ವ್ಯತ್ಯಾಸ ಕುಗ್ಗಿ, ಕರೆಂಟೂ ತಾನಾಗಿ ಕಡಿಮೆಯಾಗ್ತಾ ಹೋಯಿತು.

ಬೆಳಿಗ್ಗೆ ಒಂದೇ ಸಲಕ್ಕೆ ಬೈಕ್ ಹೊತ್ತಿಕೊಂಡಿತು. ಅಪ್ಪ ಆಸ್ಪತ್ರೆಗೆ ಹೊರಟರು. ಅವಳ ಚೀಟಿ ಈಗಲೂ ನನ್ನ ಪರ್ಸಿನಲ್ಲಿದೆ.