ಆಪಾಳ ಮೆಹಂದಿ ಫೋಟೋಗಳು

ನನ್ನ ಆಪಾ ಮದುವೆ ಮತ್ತು ಈದ್ ಸಮಯದಲ್ಲಿ ಮೆಹಂದಿ ಹಾಕಿಕೊಡುತ್ತಾಳೆ. ಗಿರಾಕಿಗಳಿಗೆ ಅವಳು ತನ್ನ ಊರು "ಉಜಿರೆ" ಎಂದಷ್ಟೇ ಹೇಳುವುದು. ಅಬ್ಬು ಕೆಲಸಕ್ಕೆ ಮಂಗಳೂರಿಗೆ ಹೋದರೆ ವಾರದ ಕೊನೆಗೆ ಬರುವುದು, ಮನೆಯಲ್ಲಿರುವುದು ಅಮ್ಮಿ, ಆಪಾ ಮತ್ತು ನಾನು. ಹಾಗಾಗಿ ಪರಿಚಯ ಇಲ್ಲದವರಿಗೆ ಮನೆ ವಿಳಾಸ ಕೊಡಬಾರದು ಎಂಬುದು ಅಮ್ಮಿಯ ಮೊದಲ ಷರತ್ತು. ಅದಕ್ಕೆ ಒಪ್ಪಿಯೇ ಆಪಾ ಈ ಕೆಲಸ ಶುರು ಮಾಡಿದ್ದಳು.

ಕಳೆದ ವರ್ಷ ಗಿರಾಕಿಗಳಿಂದ ಒಂದು ದೂರು ಬರತೊಡಗಿತು. ವಾಟ್ಸಾಪ್‌ನಲ್ಲಿ ಕಳಿಸಿದ ಡಿಸೈನ್ ದೊಡ್ಡದು ಮಾಡಿ ನೋಡಿದರೆ ಸಣ್ಣ ಗೆರೆಗಳು ಮಸುಕಾಗುತ್ತವೆ ಎಂದು. ಮನೆಯಲ್ಲಿ ಫೋನಿನ ವಿಷಯಕ್ಕೆಲ್ಲ ನಾನೇ ಪಂಡಿತೆ. "ಫೋಟೋ ಅಂತ ಕಳಿಸಬೇಡ, ಡಾಕ್ಯುಮೆಂಟ್ ಅಂತ ಕಳಿಸು, ಕ್ಲಾರಿಟಿ ಹಾಗೇ ಇರುತ್ತದೆ" ಎಂದು ಹೇಳಿಕೊಟ್ಟೆ. ಕ್ಲಾರಿಟಿ ಹಾಗೇ ಉಳಿಯಿತು. ಅದರ ಜೊತೆಗೆ ಇನ್ನೊಂದು ವಿಷಯವೂ ಹಾಗೇ ಉಳಿಯಿತು ಎಂದು ಗೊತ್ತಾಗಲು ಮೂರು ತಿಂಗಳು ಬೇಕಾಯಿತು.

ಒಂದು ಸಂಜೆ ಯಾವುದೋ ನಂಬರಿನಿಂದ ಮೆಸೇಜ್ ಬಂತು. ಒಂದು ವಾರದ ಹಿಂದೆ "ತಂಗಿಯ ಮದುವೆಗೆ" ಎಂದು ಸ್ಯಾಂಪಲ್ ಕೇಳಿದ್ದವನು. ಈ ಸಲ ಅವನು ಕಳಿಸಿದ್ದು ಮ್ಯಾಪಿನ ಒಂದು ಚಿತ್ರ, ಅದರ ಕೆಳಗೆ "ನಿಮ್ಮ ಮನೆ ಇದೇ ಅಲ್ವಾ?" ಮ್ಯಾಪಿನಲ್ಲಿದ್ದ ಕೆಂಪು ಗುರುತು ನಮ್ಮ ಮನೆಯ ಮೇಲೆಯೇ ಇತ್ತು. ಆಪಾ ಫೋನನ್ನು ನನ್ನ ಕೈಗೆ ಕೊಟ್ಟು ಸುಮ್ಮನೆ ಕೂತಳು. ಆ ರಾತ್ರಿ ಅಮ್ಮಿ ಎರಡು ಸಲ ಎದ್ದು ಬಾಗಿಲಿನ ಚಿಲಕ ನೋಡಿ ಬಂದರು. ಪಕ್ಕದ ಮನೆಯ ಹುಡುಗ ಹೇಳಿರಬೇಕು, ಸಂಬಂಧಿಕರು ಯಾರೋ ಹೇಳಿರಬೇಕು ಎಂದು ಎಲ್ಲರ ಮೇಲೂ ಸಂಶಯಪಟ್ಟೆವು. ಪಾಪ, ಆ ಹುಡುಗನಿಗೆ ಇದು ಇವತ್ತಿಗೂ ಗೊತ್ತಿಲ್ಲ.

ಮರುದಿನ ಆಪಾಳ ಗ್ಯಾಲರಿಯಲ್ಲಿ ಅವನಿಗೆ ಕಳಿಸಿದ್ದ ಫೋಟೋ ತೆರೆದು ಬೆರಳಿನಿಂದ ಮೇಲಕ್ಕೆ ಎಳೆದೆ. ಫೋಟೋದ ಕೆಳಗೆ ತಾರೀಕು, ಫೋನಿನ ಮಾಡೆಲ್, ಅದರ ಕೆಳಗೆ ಒಂದು ಪುಟ್ಟ ಮ್ಯಾಪ್. ಅದೇ ಗುರುತು. ಬೆಳಕು ಚೆನ್ನಾಗಿ ಬೀಳುತ್ತದೆ ಎಂದು ಆಪಾ ಎಲ್ಲ ಫೋಟೋಗಳನ್ನೂ ತೆಗೆಯುವುದು ನಮ್ಮ ಮನೆಯ ಜಗಲಿಯಲ್ಲಿ. ಫೋಟೋದಲ್ಲಿ ಕಾಣುವುದು ಕೈ ಮಾತ್ರ.

ಆಮೇಲೆ ನಮ್ಮ ಕಂಪ್ಯೂಟರ್ ಸರ್ ಅವರಲ್ಲಿ ಕೇಳಿದೆ. ಫೋನಿನ ಕ್ಯಾಮೆರಾ ಚಿತ್ರದ ಫೈಲಿನ ಒಳಗೇ ಒಂದು ಚೀಟಿ ಇಟ್ಟಿರುತ್ತದೆ, ಅದರ ಹೆಸರು ಎಕ್ಸಿಫ್ ಎಂದರು. ಫೋನಿನ ಲೊಕೇಶನ್ ಆನ್ ಇದ್ದು ಕ್ಯಾಮೆರಾಕ್ಕೆ ಅನುಮತಿಯೂ ಇದ್ದರೆ ಆ ಚೀಟಿಯಲ್ಲಿ ಅಕ್ಷಾಂಶ, ರೇಖಾಂಶ ಬರೆದಿರುತ್ತದೆ. ಉಜಿರೆಯದು 12 ಡಿಗ್ರಿ 59 ನಿಮಿಷ ಎಂದು ಶುರುವಾಗುತ್ತದೆ. ಅಕ್ಷಾಂಶದ ಒಂದು ನಿಮಿಷವೆಂದರೆ ಸುಮಾರು 1.85 ಕಿಲೋಮೀಟರ್. ಅಷ್ಟೇ ಬರೆದಿದ್ದರೆ ನಮ್ಮನ್ನು ಹುಡುಕಲು ಇಡೀ ಪೇಟೆ ಸುತ್ತಬೇಕಿತ್ತು. ಆದರೆ ನಿಮಿಷದ ನಂತರ ಸೆಕೆಂಡೂ ಇರುತ್ತದೆ, ಒಂದು ಸೆಕೆಂಡಿಗೆ ಸುಮಾರು 31 ಮೀಟರ್. ಸೆಕೆಂಡಿನ ನಂತರ ದಶಮಾಂಶವೂ ಇರುತ್ತದೆ. (ನಮ್ಮ ಸೆಕೆಂಡುಗಳನ್ನು ಇಲ್ಲಿ ಬರೆಯುವುದಿಲ್ಲ, ಕ್ಷಮಿಸಿ.)

ವಾಟ್ಸಾಪ್‌ನಲ್ಲಿ ಫೋಟೋ ಎಂದೇ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿ ಹೊಸದಾಗಿ ಬರೆಯುತ್ತದೆ, ಆಗ ಆ ಚೀಟಿ ಬಿದ್ದುಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಫೈಲನ್ನು ಮುಟ್ಟುವುದೇ ಇಲ್ಲ. ಇಮೇಲ್ ಅಟ್ಯಾಚ್‌ಮೆಂಟ್ ಕೂಡ ಹೀಗೆಯೇ. ಅಂದರೆ ಮಸುಕಾದ ಫೋಟೋ ನಮ್ಮನ್ನು ಕಾಯುತ್ತಿತ್ತು, ಅದನ್ನು ಸರಿಮಾಡಲು ಹೋಗಿ ಬಾಗಿಲು ತೆರೆದದ್ದು ನಾನು. ಇದನ್ನು ಮನೆಯಲ್ಲಿ ಹೇಳಿದಾಗ ಆಪಾ "ತೂಚ್ ಬೋಲಿ ನಾ?" ಎಂದಳು. ನೀನೇ ಹೇಳಿದ್ದಲ್ವಾ ಎಂದು. ಬೈದಿದ್ದರೆ ಒಳ್ಳೆಯದಿತ್ತು.

ಇಂಥದ್ದು ಪ್ರಪಂಚದಲ್ಲಿ ಮೊದಲೂ ಆಗಿದೆ. ಆಂಟಿವೈರಸ್ ಕಂಪನಿ ಕಟ್ಟಿದ್ದ ಜಾನ್ ಮ್ಯಾಕಫಿ 2012ರಲ್ಲಿ ಪೊಲೀಸರಿಂದ ತಪ್ಪಿಸಿಕೊಂಡು ತಿರುಗುತ್ತಿದ್ದಾಗ ವೈಸ್ ಪತ್ರಿಕೆಯವರು ಅವರ ಜೊತೆ ತೆಗೆದ ಫೋಟೋ ಹಾಕಿದರು. ಅವರು ಗ್ವಾಟೆಮಾಲಾದಲ್ಲಿದ್ದಾರೆ ಎಂದು ಆ ಫೋಟೋದ ಎಕ್ಸಿಫ್ ಹೇಳಿಬಿಟ್ಟಿತು. ಕಂಪ್ಯೂಟರ್ ಸುರಕ್ಷತೆಯ ಹೆಸರಿನಲ್ಲೇ ಹಣ ಮಾಡಿದವರ ಕಥೆಯೇ ಹೀಗಾದರೆ ನನ್ನದೇನು ಎಂದು ಸ್ವಲ್ಪ ಸಮಾಧಾನವಾಯಿತು.

ಮೊದಲು ಕ್ಯಾಮೆರಾ ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಶನ್ ಆಫ್ ಮಾಡಿದೆ. ಇದರ ಹೆಸರು ಕೆಲವು ಫೋನುಗಳಲ್ಲಿ Location tags, ಕೆಲವುಗಳಲ್ಲಿ Save location. ಆದರೆ ಇದು ಮುಂದೆ ತೆಗೆಯುವ ಫೋಟೋಗಳಿಗೆ ಮಾತ್ರ. ಗಿರಾಕಿಗಳಿಗೆ ಕಳಿಸುವ ಹಳೆಯ ಡಿಸೈನ್‌ಗಳು 46 ಇದ್ದವು. ಒಂದೊಂದಾಗಿ ನೋಡಿದಾಗ 31ರಲ್ಲಿ ಲೊಕೇಶನ್ ಇತ್ತು. ಉಳಿದ 15 ಫೋಟೋಗಳಲ್ಲಿ ಕೆಲವನ್ನು ಆಪಾ ಫೋನಿನ ಲೊಕೇಶನ್ ಆಫ್ ಇದ್ದಾಗ ತೆಗೆದಿದ್ದಳು, ಕೆಲವು ವಾಟ್ಸಾಪ್‌ನಲ್ಲೇ ಅವಳಿಗೆ ವಾಪಸ್ ಬಂದವು. ಹಾಗಾಗಿ ಒಂದು ಫೋಟೋದಲ್ಲಿ ಇಲ್ಲ ಎಂದಮಾತ್ರಕ್ಕೆ ಎಲ್ಲದರಲ್ಲೂ ಇಲ್ಲ ಎಂದು ತಿಳಿಯಬಾರದು.

31 ಫೋಟೋಗಳನ್ನು ಮಾಮು ಮನೆಯ ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ವಿಂಡೋಸ್‌ನಲ್ಲಿ ಫೋಟೋದ ಮೇಲೆ ರೈಟ್ ಕ್ಲಿಕ್ ಮಾಡಿ Properties, ಅದರಲ್ಲಿ Details ತೆರೆದರೆ ಕೆಳಗೆ Remove Properties and Personal Information ಎಂದಿರುತ್ತದೆ. ಒಂದೆರಡು ಫೋಟೋಗಳಿಗೆ ಅದು ಸಾಕು. ಅಷ್ಟೂ ಫೋಟೋಗಳಿಗೆ ಸರ್ ಎಕ್ಸಿಫ್‌ಟೂಲ್ ಎಂಬ ಉಚಿತ ಪ್ರೋಗ್ರಾಂ ಹೇಳಿಕೊಟ್ಟರು. ಫೋಟೋ ಇರುವ ಫೋಲ್ಡರಿನಲ್ಲಿ ಕೊಟ್ಟದ್ದು ಒಂದೇ ಸಾಲು:

```
exiftool -gps:all= *.jpg
```

ಕೆಲವೇ ಕ್ಷಣದಲ್ಲಿ ಮುಗಿಯಿತು. ಅಲ್ಲಿ ಮತ್ತೆ ಎಡವುತ್ತಿದ್ದೆ. ಈ ಪ್ರೋಗ್ರಾಂ ಪ್ರತಿ ಫೋಟೋದ ಹಳೆಯ ಪ್ರತಿಯನ್ನು ಹೆಸರಿನ ಕೊನೆಗೆ _original ಎಂದು ಸೇರಿಸಿ ಅದೇ ಫೋಲ್ಡರಿನಲ್ಲಿ ಇಡುತ್ತದೆ. ಫೋಲ್ಡರನ್ನು ಹಾಗೇ ಡ್ರೈವ್‌ಗೆ ಹಾಕಿ ಲಿಂಕ್ ಕೊಟ್ಟಿದ್ದರೆ ಮನೆಯ ಗುರುತೂ ಜೊತೆಗೇ ಹೋಗುತ್ತಿತ್ತು. ಆ ಪ್ರತಿಗಳನ್ನು ಬೇರೆ ಕಡೆಗೆ ಸರಿಸಿ, ಮತ್ತೆ ನೋಡಿದೆ:

```
exiftool "-gps*" photo.jpg
```

photo.jpg ಇರುವಲ್ಲಿ ಫೋಟೋದ ಹೆಸರು ಹಾಕಬೇಕು. ಏನೂ ಸಾಲು ಬರಲಿಲ್ಲ ಎಂದರೆ ಲೊಕೇಶನ್ ಹೋಗಿದೆ. ನಂಬಿಕೆ ಸಾಲದೆ ಆಪಾ ತಾನು ಹೊಸದಾಗಿ ಕಳಿಸಿದ ಡಾಕ್ಯುಮೆಂಟನ್ನು ನನ್ನ ಫೋನಿನಲ್ಲಿ ಇಳಿಸಿ ಮೇಲಕ್ಕೆ ಎಳೆದು ನೋಡಿದಳು. ಮ್ಯಾಪ್ ಇರಲಿಲ್ಲ. ಗೆರೆಗಳು ಮೊದಲಿನಷ್ಟೇ ಸ್ಪಷ್ಟವಾಗಿದ್ದವು.

ನಂತರ ಆಪಾಳೇ ಒಂದು ಫೋಟೋ ತೋರಿಸಿ "ಇದನ್ನು ಯಾವ ಕಮಾಂಡ್ ಅಳಿಸುತ್ತದೆ?" ಎಂದು ಕೇಳಿದಳು. ಕೈಯ ಹಿಂದೆ, ಜಗಲಿಯಾಚೆ, ಎದುರಿನ ಅಂಗಡಿಯ ಬೋರ್ಡು ಪೂರ್ತಿ ಓದುವ ಹಾಗೆ ಕಾಣುತ್ತಿತ್ತು. ಅದನ್ನು ಕತ್ತರಿಸಿದೆವು. ಈಗ ಜಗಲಿಯಲ್ಲಿ ಒಂದು ಹಳೆಯ ಹಸಿರು ದುಪಟ್ಟಾ ಕಟ್ಟಿರುತ್ತಾಳೆ.

ಆಗಲೇ ಹೋದ ಫೋಟೋಗಳಿಗೆ ಮಾತ್ರ ಏನೂ ಮಾಡಲಾಗಲಿಲ್ಲ. ವಾಟ್ಸಾಪ್‌ನಲ್ಲಿ ಎಲ್ಲರಿಗೂ ಕಾಣದಂತೆ ಅಳಿಸಲು ಇರುವುದು ಎರಡೂವರೆ ದಿನ, ಅಷ್ಟರೊಳಗೆ ಅಳಿಸಿದರೂ ಬೇರೆ ಕಡೆ ಉಳಿಸಿಕೊಂಡದ್ದು ಹೋಗುವುದಿಲ್ಲ. ಅಬ್ಬು ಬಂದ ಶನಿವಾರ ಆ ನಂಬರಿಗೆ ಒಂದು ಸಲ ಫೋನ್ ಮಾಡಿದರು, ಎತ್ತಲಿಲ್ಲ. ಆಪಾ ಅದನ್ನು ಬ್ಲಾಕ್ ಮಾಡಿದ್ದಾಳೆ, ಆದರೆ ಅವನ ಮೆಸೇಜ್ ಅಳಿಸಿಲ್ಲ, ಪೊಲೀಸರಿಗೆ ತೋರಿಸಬೇಕಾಗಿ ಬಂದರೆ ಇರಲಿ ಎಂದು. ಎರಡು ತಿಂಗಳು ಕೆಲಸ ನಿಲ್ಲಿಸಿದ್ದಳು. ಬಕ್ರೀದ್‌ಗೆ ಮುಂಚೆ ಮತ್ತೆ ಶುರು ಮಾಡಿದಳು. ಮೊದಲ ಆರ್ಡರಿನ ಸ್ಯಾಂಪಲ್ ಕಳಿಸುವ ಮುಂಚೆ ಅಮ್ಮಿ ಬಂದು ಫೋನು ಇಸಕೊಂಡು, ಫೋಟೋವನ್ನು ಬೆರಳಿನಿಂದ ಮೇಲಕ್ಕೆ ಎಳೆದು ನೋಡಿ, ವಾಪಸ್ ಕೊಟ್ಟರು.