ಹತ್ತು ಕೆ.ಜಿ. ಏರಿದೆ, ಅದರಲ್ಲಿ ಮಾಂಸಖಂಡ ಎಷ್ಟು?

ಜಿಮ್ ಸೇರಿದ ನಾಲ್ಕೇ ತಿಂಗಳಲ್ಲಿ ನಾನು 58 ಕೆ.ಜಿ.ಯಿಂದ 68ಕ್ಕೆ ಏರಿದೆ. ಹನೂರು ಕಡೆಯ ಹಳ್ಳಿಯಿಂದ ಕೊಳ್ಳೇಗಾಲಕ್ಕೆ ಡಿಗ್ರಿ ಓದಲು ಬರುತ್ತಿದ್ದ ಸಣಕಲು ಹುಡುಗನಿಗೆ ಅದು ಸಣ್ಣ ಹೆಮ್ಮೆಯಲ್ಲ. "ಮೊಖ ತುಂಬ್ಕಂಡದ ಕಣಪ್ಪ" ಅಂತ ಅವ್ವನೂ ಹಿಗ್ಗಿದಳು. ಹೊಟ್ಟೆಯೂ ತುಂಬಿಕೊಂಡಿದ್ದು ಅವಳಿಗೆ ಕಾಣಲಿಲ್ಲ. ಸೊಂಟದ ಅಳತೆ 74 ಸೆಂ.ಮೀ. ಇದ್ದದ್ದು 85 ಆಗಿತ್ತು. ಆ ದೀಪಾವಳಿಗೆ ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ನಡೆದಾಗ, ಹಿಂದಿನ ವರ್ಷ ಸಲೀಸಾಗಿ ಹತ್ತಿದ ದಾರಿಯಲ್ಲೇ ಏದುಸಿರು ಬಿಟ್ಟೆ.

ಜಿಮ್‌ನ ಹಿರಿಯ ಹುಡುಗರು ಹೇಳಿಕೊಟ್ಟ ಸೂತ್ರ ಸುಲಭವಾಗಿತ್ತು: ಮೊದಲು ತಿಂದು ದಪ್ಪ ಆಗು, ಆಮೇಲೆ ಕರಗಿಸು. ಬೆಳಿಗ್ಗೆ ಗೇನರ್ ಪುಡಿ, ರಾತ್ರಿ ಪರೋಟ. ಗೇನರ್ ಡಬ್ಬದ ಹಿಂಬದಿ ಓದಿದ್ದರೆ ಅದರಲ್ಲಿ ಹೆಚ್ಚಿನ ಪಾಲು ಪಿಷ್ಟ, ಸಕ್ಕರೆಯೇ ಎಂದು ಗೊತ್ತಾಗುತ್ತಿತ್ತು. ದೇಹಕ್ಕೆ ಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 700 ಕ್ಯಾಲೊರಿ ಹೆಚ್ಚು ತಿನ್ನುತ್ತಿದ್ದೆ.

ಹೊಸಬನ ದೇಹ ಬೇಗ ಬೆಳೆಯುತ್ತದೆ ಅನ್ನುವುದು ನಿಜ, ಆದರೆ ಆ ಬೇಗಕ್ಕೂ ಮಿತಿಯಿದೆ. ವ್ಯಾಯಾಮ, ಊಟ, ನಿದ್ದೆ ಮೂರೂ ಸರಿಯಿದ್ದರೆ ಮೊದಲ ತಿಂಗಳುಗಳಲ್ಲಿ ತಿಂಗಳಿಗೆ ಅರ್ಧ ಕೆ.ಜಿ., ತುಂಬಾ ಚೆನ್ನಾಗಿ ಸ್ಪಂದಿಸುವ ದೇಹವಾದರೆ ಒಂದು ಕೆ.ಜಿ. ಮಾಂಸಖಂಡ ಕೂಡಬಹುದು. ವರ್ಷ ಕಳೆದಂತೆ ಅದೂ ಇಳಿಯುತ್ತದೆ. ಆ ಲೆಕ್ಕದಲ್ಲಿ ನನ್ನ ಹತ್ತು ಕೆ.ಜಿ.ಯಲ್ಲಿ ಮಾಂಸಖಂಡ ಎರಡು-ಮೂರು ಕೆ.ಜಿ. ಇದ್ದರೆ ಹೆಚ್ಚು. ಸ್ನಾಯುಗಳು ಗ್ಲೈಕೋಜನ್ ತುಂಬಿಕೊಳ್ಳುವಾಗ ಅದರ ಮೂರು ಪಟ್ಟು ತೂಕದ ನೀರನ್ನೂ ಹಿಡಿದಿಡುತ್ತವೆ. ಮೊದಲ ಎರಡು ವಾರದಲ್ಲಿ ಮುಳ್ಳು ದಿಢೀರನೆ ಏರುವುದು ಬಹುಪಾಲು ಅದರಿಂದಲೇ. ಉಳಿದದ್ದೆಲ್ಲ ಕೊಬ್ಬು.

ನಮ್ಮ ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರು. ಹುಳು ಜ್ವರಕ್ಕೆ ಕೂತಾಗ ಎಷ್ಟು ಸೊಪ್ಪು ಹಾಕಿದರೂ ತಿನ್ನುವುದಿಲ್ಲ, ಸೊಪ್ಪು ಅಲ್ಲೇ ಬಾಡಿ ಹಾಸಿಗೆ ಕೆಡಿಸುತ್ತದೆ. ಸ್ನಾಯು ಕಟ್ಟುವ ಕೆಲಸವೂ ತನ್ನ ವೇಗ ಮೀರುವುದಿಲ್ಲ. ನಾರ್ವೆಯ ಕ್ರೀಡಾಪಟುಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ತೋರಿಸಿತು. ಹೆಚ್ಚು ತಿಂದ ಗುಂಪಿನ ಕೊಬ್ಬು ಸುಮಾರು 15% ಏರಿತು, ಹಸಿವು ನೋಡಿ ತಿಂದವರದು 3% ಮಾತ್ರ. ಕೊಬ್ಬಿಲ್ಲದ ತೂಕದಲ್ಲಿ ಮಾತ್ರ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಹಾಗಂತ ಕೊಬ್ಬು ಒಂದಿಷ್ಟೂ ಬೇಡ ಅಂದರೆ ಸಣಕಲು ದೇಹಕ್ಕೆ ಅದು ಆಗದ ಮಾತು. ಸ್ನಾಯುವಿಗೆ ಇವತ್ತು ಎಷ್ಟು ಬೇಕೆಂದು ಅಳೆದು ಅಷ್ಟೇ ಬಡಿಸಲು ಯಾರಿಗೂ ಬರುವುದಿಲ್ಲ. ಒಂದು ದಿನ ಹೊಲದಲ್ಲಿ ದುಡಿಯುತ್ತೇವೆ, ಇನ್ನೊಂದು ದಿನ ಬಸ್ಸಿನಲ್ಲಿ ಕೂತೇ ಇರುತ್ತೇವೆ. ಕಡಿಮೆ ಬಿದ್ದರೆ ಬೆಳವಣಿಗೆ ಕುಂಟುತ್ತದೆ, ಹೆಚ್ಚಾದದ್ದು ಕೊಬ್ಬಾಗಿ ಕೂರುತ್ತದೆ. ಆ ಹೆಚ್ಚುವರಿಯನ್ನು ಚಿಕ್ಕದಾಗಿ ಇಟ್ಟುಕೊಳ್ಳುವುದಷ್ಟೇ ನಮ್ಮ ಕೈಯಲ್ಲಿದೆ.

ಹಾಗೆ ಮಾಡಿದವನು ಯಳಂದೂರಿನ ನನ್ನ ಗೆಳೆಯ. ನನ್ನಷ್ಟೇ ತೂಕದಿಂದ ಶುರು ಮಾಡಿದವನು, ದಿನದ ಊಟಕ್ಕೆ ಒಂದು ಲೋಟ ಹಾಲು, ಒಂದು ಹಿಡಿ ಕಡಲೆಕಾಯಿ ಬೀಜ ಸೇರಿಸಿದ. ಅದು ಸುಮಾರು 300 ಕ್ಯಾಲೊರಿ. ತೂಕ ವಾರಕ್ಕೆ 150ರಿಂದ 300 ಗ್ರಾಂ ಏರಿದರೆ ಸಾಕು ಅಂದುಕೊಂಡಿದ್ದ. ನಾಲ್ಕು ತಿಂಗಳಿಗೆ ಅವನು ಏರಿದ್ದು ನಾಲ್ಕು ಕೆ.ಜಿ. "ಅಷ್ಟೇನಾ ಮಗಾ?" ಅಂತ ನಾನು ಕಿಚಾಯಿಸಿದ್ದೆ. ಆದರೆ ಸ್ಕ್ವಾಟ್‌ನಲ್ಲಿ ಅವನು ಎತ್ತುವ ಭಾರ ನನ್ನದಕ್ಕಿಂತ ಹೆಚ್ಚಾಗಿತ್ತು, ಪ್ಯಾಂಟು ಹಳೆಯದೇ ಇತ್ತು.

ಪ್ರೋಟೀನ್ ವಿಷಯದಲ್ಲೂ ಎಡವಿದೆ. ತೂಕದ ಪ್ರತಿ ಕೆ.ಜಿ.ಗೆ ಸುಮಾರು 1.6 ಗ್ರಾಂ, ಅಂದರೆ 58 ಕೆ.ಜಿ.ಯವನಿಗೆ 90 ಗ್ರಾಂ ಚಿಲ್ಲರೆ ಬೇಕು. ಮನೆಯಲ್ಲಿ ಹುರುಳಿ ಉಪ್ಸಾರು ಇದ್ದ ದಿನ ನಾನು ಸಾರಿನಲ್ಲಿ ಮುದ್ದೆ ನುಂಗಿ ಏಳುತ್ತಿದ್ದೆ, ಬೇಯಿಸಿ ಬಸಿದ ಕಾಳು ಪಾತ್ರೆಯಲ್ಲೇ ಉಳಿಯುತ್ತಿತ್ತು. ಪ್ರೋಟೀನ್ ಇದ್ದದ್ದು ಆ ಕಾಳಿನಲ್ಲಿ: ನೂರು ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ. ಅದರ ಜೊತೆ ನಾಲ್ಕು ಮೊಟ್ಟೆ, ಅರ್ಧ ಲೀಟರ್ ಹಾಲು, ಐವತ್ತು ಗ್ರಾಂ ಕಡಲೆಕಾಯಿ ಬೀಜ ಸೇರಿದರೆ 75 ಗ್ರಾಂ ಆಗುತ್ತದೆ, ಮಿಕ್ಕದ್ದು ಮುದ್ದೆ-ಅನ್ನದಲ್ಲೇ ಸಿಗುತ್ತದೆ.

ಈಗ ಜಿಮ್‌ಗೆ ಬರುವ ಹುಡುಗರಿಗೆ ಮೂರು ಲೆಕ್ಕ ಬರೆದಿಡಲು ಹೇಳುತ್ತೇನೆ: ಬೆಳಿಗ್ಗೆ ಹೊಟ್ಟೆ ಖಾಲಿಯಿದ್ದಾಗಿನ ತೂಕದ ವಾರದ ಸರಾಸರಿ, ಹೊಕ್ಕುಳ ಮಟ್ಟದ ಸುತ್ತಳತೆ, ಎತ್ತಿದ ಭಾರ. ಭಾರ ಏರುತ್ತಾ ಸೊಂಟ ನಿಧಾನವಾಗಿ ಹಿಗ್ಗಿದರೆ ಸರಿದಾರಿ. ಸೊಂಟ ಹಿಗ್ಗುತ್ತಾ ಭಾರ ನಿಂತಲ್ಲೇ ನಿಂತರೆ ಕಡಲೆಕಾಯಿ ಬೀಜದ ಹಿಡಿ ನಿಲ್ಲಿಸಿ. ಎರಡು-ಮೂರು ವಾರ ಮೂರೂ ಅಲುಗಾಡದಿದ್ದರೆ ಇನ್ನೊಂದು ಲೋಟ ಹಾಲು ಸೇರಿಸಿ.